ಸಮಯ ಮುಗಿದಾಗ ಯಾವ ಬಟನ್ ಕಾಣುತ್ತದೆ: ಫೋನಿನ ಆ್ಯಪ್ ಟೈಮರ್‌ಗಳ ಹೋಲಿಕೆ

ರೀಲ್ಸ್ ನೋಡುತ್ತಾ ಗಂಟೆ ಕಳೆಯುವುದನ್ನು ತಡೆಯಲು ಹೆಚ್ಚಿನವರು ಮೊದಲು ಹಿಡಿಯುವುದು ಫೋನಿನಲ್ಲೇ ಇರುವ ಟೈಮರ್. ಐಫೋನಿನಲ್ಲಿ ಅದು Screen Time, ಆಂಡ್ರಾಯ್ಡ್‌ನಲ್ಲಿ Digital Wellbeing. ಎರಡೂ 2018ರಲ್ಲಿ ಬಂದವು. ಹೊರನೋಟಕ್ಕೆ ಎರಡರ ಕೆಲಸವೂ ಒಂದೇ: ಇಷ್ಟು ನಿಮಿಷ ಎಂದು ಹೇಳಿದರೆ ಅಷ್ಟಕ್ಕೆ ಆ್ಯಪ್ ನಿಲ್ಲುತ್ತದೆ, ಮಧ್ಯರಾತ್ರಿಗೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ನಿಜವಾದ ವ್ಯತ್ಯಾಸ ತಿಳಿಯುವುದು ಸಮಯ ಮುಗಿದ ಆ ಕ್ಷಣದಲ್ಲಿ. ಕೈ ಇನ್ನೂ ಸ್ಕ್ರಾಲ್ ಮಾಡುತ್ತಿರುತ್ತದೆ, ಪರದೆ ಅಡ್ಡ ಬರುತ್ತದೆ. ಆಗ ಎದುರಿಗಿರುವ ಬಟನ್ ಯಾವುದು ಎಂಬುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಐಫೋನಿನಲ್ಲಿ Screen Timeಗೆ ಬೇರೆ ಪಾಸ್‌ಕೋಡ್ ಇಡದೆ ಮಿತಿ ಹಾಕಿದರೆ ಮರಳುಗಡಿಯಾರದ ಚಿತ್ರ ಬಂದು, ಅದರ ಜೊತೆಗೇ Ignore Limit ಎಂಬ ಆಯ್ಕೆಯೂ ಬರುತ್ತದೆ. ಅದನ್ನು ಒತ್ತಿದರೆ ಇನ್ನೊಂದು ನಿಮಿಷ, ಹದಿನೈದು ನಿಮಿಷ ಅಥವಾ ಇವತ್ತಿಡೀ ಮಿತಿ ಬೇಡ ಎಂಬ ಮೂರು ದಾರಿ ತೆರೆದುಕೊಳ್ಳುತ್ತವೆ. ಮೂರನೆಯದಕ್ಕೆ ಬೇಕಾಗುವುದು ಎರಡೇ ಒತ್ತು. ಮೂರು ನಾಲ್ಕು ದಿನದಲ್ಲಿ ಬೆರಳಿಗೆ ಆ ದಾರಿ ರೂಢಿಯಾಗಿಬಿಡುತ್ತದೆ, ಪರದೆಯಲ್ಲಿ ಏನು ಬರೆದಿದೆ ಎಂದು ಕಣ್ಣು ಓದುವುದೂ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಹೀಗೆ ಕಡೆಗಣಿಸುವ ಬಟನ್ ಎದುರಿಗೇ ಇಲ್ಲ. ಸಮಯ ಮುಗಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ, ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಬೇಕೆಂದರೆ ಸೆಟ್ಟಿಂಗ್ಸ್‌ಗೆ ಹೋಗಿ ಟೈಮರ್ ತೆಗೆಯಬೇಕು. ಕೆಲವೇ ಸೆಕೆಂಡುಗಳ ಕೆಲಸವಾದರೂ 'ಈಗ ನಾನು ಇದನ್ನು ತೆಗೆಯುತ್ತಿದ್ದೇನೆ' ಎಂದು ಮನಸ್ಸಿಗೆ ಗೊತ್ತಾಗುವಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ಪಾಸ್‌ಕೋಡ್ ಇಲ್ಲದ ಐಫೋನ್ ಮಿತಿಗಿಂತ ಇದು ಮೇಲು. ಆದರೆ ಇದರಲ್ಲೊಂದು ತೊಡಕಿದೆ: ಒಮ್ಮೆ ತೆಗೆದ ಟೈಮರ್ ಮರುದಿನ ತಾನಾಗಿ ಮರಳುವುದಿಲ್ಲ. ಐಫೋನಿನಲ್ಲಿ 'ಇವತ್ತಿಗೆ ಬೇಡ' ಎಂದರೂ ನಾಳೆ ಮಿತಿ ಇದ್ದೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದು ರಾತ್ರಿ ಸೋತರೆ, ಮತ್ತೆ ಹಾಕುವವರೆಗೂ ತಡೆ ಇಲ್ಲ. ಆದ್ದರಿಂದ ಅಲ್ಲಿ ಟೈಮರ್ ತೆಗೆಯಬೇಡಿ, ಹದಿನೈದು ನಿಮಿಷ ಹೆಚ್ಚಿಸಿ.

ಎರಡಕ್ಕಿಂತಲೂ ಗಟ್ಟಿಯಾದದ್ದು ಪಾಸ್‌ಕೋಡ್ ಇಟ್ಟ ಐಫೋನ್. ಆ ಪಾಸ್‌ಕೋಡ್ ನಿಮಗೆ ಗೊತ್ತಿರಬಾರದು, ಅಷ್ಟೆ. Settings > Screen Time ಒಳಗೆ Lock Screen Time Settings ಒತ್ತಿ, ಫೋನನ್ನು ಮನೆಯವರ ಕೈಗೋ ಸ್ನೇಹಿತರ ಕೈಗೋ ಕೊಟ್ಟು ನಾಲ್ಕಂಕಿ ಹಾಕಿಸಿಕೊಳ್ಳಿ. ಆಮೇಲೆ ಮಿತಿಯ ಪುಟದಲ್ಲಿ Block at End of Limit ಆನ್ ಆಗಿದೆಯೇ ನೋಡಿ. ಅದು ಆಫ್ ಇದ್ದರೆ ಪಾಸ್‌ಕೋಡ್ ಇದ್ದೂ ಪ್ರಯೋಜನವಿಲ್ಲ, ಹಳೆಯ Ignore Limit ಬಂದೇ ಬರುತ್ತದೆ. 'ಪಾಸ್‌ಕೋಡ್ ಇಟ್ಟರೂ ತಡೆಯುತ್ತಿಲ್ಲ' ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಸರಿಯಾಗಿ ಹಾಕಿದ ಮೇಲೂ ಒಂದು ನಿಮಿಷದ ವಿನಾಯಿತಿ ಸಿಗುತ್ತದೆ. ಬರೆಯುತ್ತಿದ್ದ ಸಂದೇಶ ಮುಗಿಸಲು ಅದು ಸಾಕು.

ಪಾಸ್‌ಕೋಡ್ ಇಡುವಾಗ, ಮುಂದೆ ಮರೆತರೆ ಬೇಕಾಗುತ್ತದೆ ಎಂದು ಆ್ಯಪಲ್ ಖಾತೆಯ ವಿವರ ಕೇಳುತ್ತದೆ. ಅಲ್ಲಿ ನಿಮ್ಮ ಖಾತೆ ಕೊಟ್ಟರೆ ನೀವೇ ಪಾಸ್‌ಕೋಡ್ ಬದಲಿಸಬಹುದು, ಬೀಗದ ಕೈ ಮತ್ತೆ ನಿಮ್ಮ ಜೇಬಿಗೇ ಬಂದಂತೆ. ಕೊಡದೆ ಮುಂದೆ ಹೋದರೆ ಬೀಗ ಗಟ್ಟಿ, ಆದರೆ ಆ ನಾಲ್ಕಂಕಿ ಕಳೆದುಹೋದರೆ ಬಿಡಿಸಿಕೊಳ್ಳುವುದು ಬಲು ಕಷ್ಟ. ಪಾಸ್‌ಕೋಡ್ ಹಾಕಿದವರು ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ.

ಎಷ್ಟು ನಿಮಿಷ ಎನ್ನುವುದನ್ನು ಅಂದಾಜಿಗೆ ಬಿಡಬೇಡಿ. ಒಂದು ವಾರ ಯಾವ ಮಿತಿಯೂ ಇಲ್ಲದೆ, ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದಿರಿ ಎಂದು ತೋರಿಸುವ ಡ್ಯಾಶ್‌ಬೋರ್ಡ್ ನೋಡಿ. ದಿನದ ಸರಾಸರಿ ಇನ್‌ಸ್ಟಾಗ್ರಾಮ್ 70 ನಿಮಿಷ, ಯೂಟ್ಯೂಬ್ 55, ಫೇಸ್‌ಬುಕ್ 25, ಒಟ್ಟು 150 ಎಂದುಕೊಳ್ಳೋಣ. ಇದನ್ನು ಒಮ್ಮೆಗೇ 30ಕ್ಕೆ ಇಳಿಸಿದರೆ ಮಧ್ಯಾಹ್ನದೊಳಗೇ ಮಿತಿ ಮುಗಿದು, ಅದನ್ನು ಮುರಿಯುವುದೇ ಅಭ್ಯಾಸವಾಗುತ್ತದೆ. ಮೊದಲ ವಾರ 110, ಎರಡನೇ ವಾರ 90 ಎಂದು ಇಳಿಸುವುದು ಲೇಸು.

ಈ 90 ನಿಮಿಷವನ್ನು ಎರಡು ಫೋನುಗಳೂ ಒಂದೇ ರೀತಿ ಹಂಚುವುದಿಲ್ಲ. ಐಫೋನಿನ App Limitsನಲ್ಲಿ ಮೂರೂ ಆ್ಯಪ್ ಆರಿಸಿ ಒಂದೇ ಮಿತಿ ಹಾಕಬಹುದು. ಯಾವುದರಲ್ಲಿ ಕಳೆದರೂ 90 ಮುಗಿದರೆ ಮೂರೂ ಬಂದ್. ಆಂಡ್ರಾಯ್ಡ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಟೈಮರ್ ಹಾಕಬೇಕು: 45, 30, 15 ಎಂದು. ಒಂದು ಮುಗಿದರೆ ಕೈ ತಾನಾಗಿ ಪಕ್ಕದ ಐಕಾನ್‌ಗೆ ಹೋಗುತ್ತದೆ. ಮೊದಲು ಬಳಸದಿದ್ದ ನಾಲ್ಕನೇ ಆ್ಯಪ್‌ನ ನಿಮಿಷಗಳು ಎರಡನೇ ವಾರ ಏರಿದ್ದರೆ ಆಗಿರುವುದು ಇದೇ.

ಐಫೋನಿನಲ್ಲಿ Social ಎಂಬ ಇಡೀ ವರ್ಗಕ್ಕೆ ಮಿತಿ ಹಾಕುವುದು ಸುಲಭವಾಗಿ ಕಂಡರೂ ಬೇಡ. ವಾಟ್ಸ್ಆ್ಯಪ್ ಅದೇ ವರ್ಗದಲ್ಲಿ ಬರುತ್ತದೆ, ಯೂಟ್ಯೂಬ್ ಬರುವುದಿಲ್ಲ. ಹೀಗಾಗಿ ಬೇಕಾದ ಮಾತುಕತೆ ನಿಂತು, ಬೇಡದ ಶಾರ್ಟ್ಸ್ ಓಡುತ್ತಲೇ ಇರುತ್ತದೆ. ಆ್ಯಪ್‌ಗಳನ್ನು ಒಂದೊಂದಾಗಿ ಹೆಸರು ನೋಡಿಯೇ ಆರಿಸಿ.

ಎರಡೂ ಕಡೆ ಸಾಮಾನ್ಯವಾದ ದೊಡ್ಡ ತೂತು ಮಧ್ಯರಾತ್ರಿ. 11:50ಕ್ಕೆ ಮಿತಿ ಮುಗಿದು ಫೋನ್ ಕೆಳಗಿಟ್ಟವರಿಗೆ 12 ಹೊಡೆದೊಡನೆ ಪೂರ್ತಿ ಹೊಸ 90 ನಿಮಿಷ ಸಿಗುತ್ತದೆ. ಮಲಗುವ ಮುನ್ನ ಸ್ಕ್ರಾಲ್ ಮಾಡುವವರಿಗೆ ದಿನದ ಮಿತಿ ಮಾತ್ರ ಸಾಲದು, ಗಡಿಯಾರದ ಮಿತಿಯೂ ಬೇಕು. ಐಫೋನಿನಲ್ಲಿ Downtimeಗೆ ರಾತ್ರಿ 10:30ರಿಂದ ಬೆಳಗ್ಗೆ 6 ಎಂದು ಹಾಕಿ, ಕರೆ ಮತ್ತು ಸಂದೇಶದ ಆ್ಯಪ್‌ಗಳನ್ನು Always Allowedಗೆ ಸೇರಿಸಿ. ಆಂಡ್ರಾಯ್ಡ್‌ನಲ್ಲಿ ಹಲವರು Bedtime mode ಆನ್ ಮಾಡಿ ಸುಮ್ಮನಾಗುತ್ತಾರೆ. ಅದು ಪರದೆಯನ್ನು ಕಪ್ಪು-ಬಿಳುಪು ಮಾಡಿ ಸದ್ದು ಅಡಗಿಸುತ್ತದೆ, ಆ್ಯಪ್ ತಡೆಯುವುದಿಲ್ಲ. ತಡೆಯುವುದು Focus mode. ಅದರಲ್ಲಿ ಆ್ಯಪ್‌ಗಳನ್ನು ಆರಿಸಿ ಅದೇ ವೇಳೆಗೆ ಶೆಡ್ಯೂಲ್ ಹಾಕಬೇಕು. ಒಮ್ಮೆಗೇ ಎಲ್ಲ ಆ್ಯಪ್ ನಿಲ್ಲಿಸುವ ಗುಣವೂ ಇದಕ್ಕಿರುವುದರಿಂದ, ಆಂಡ್ರಾಯ್ಡ್ ಬಳಸುವವರಿಗೆ ನನ್ನ ಆಯ್ಕೆ ಟೈಮರ್‌ಗಿಂತ ಮೊದಲು ಇದೇ.

ಆ್ಯಪ್‌ಗಳ ಒಳಗೇ ಬರುವ ದೈನಂದಿನ ಮಿತಿ ಮತ್ತು 'ವಿರಾಮ ತೆಗೆದುಕೊಳ್ಳಿ' ಸೂಚನೆಗಳು ಬರೀ ನೆನಪೋಲೆ. ಒಂದು ಒತ್ತಿಗೆ ಮಾಯ. ಅದನ್ನೊಂದನ್ನೇ ನಂಬಬೇಡಿ.

ಬ್ರೌಸರ್ ಇನ್ನೊಂದು ಕಳ್ಳದಾರಿ. ಮಿತಿ ಮುಗಿದ ಮೇಲೆ ಅದೇ ಜಾಲತಾಣವನ್ನು ಬ್ರೌಸರಿನಲ್ಲಿ ತೆರೆದು ನೋಡಿ. ತೆರೆದುಕೊಂಡರೆ ಐಫೋನಿನ ಮಿತಿಯ ಪಟ್ಟಿಯ ಕೊನೆಯಲ್ಲಿರುವ Websitesನಲ್ಲಿ ವಿಳಾಸ ಸೇರಿಸಿ. ಆಂಡ್ರಾಯ್ಡ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಕ್ರೋಮ್ ಒಳಗೆ ಹೋದರೆ ಒಂದೊಂದು ತಾಣಕ್ಕೂ ಟೈಮರ್ ಹಾಕಬಹುದು, ಆದರೆ ಅದು ಕ್ರೋಮ್‌ಗೆ ಮಾತ್ರ.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಟೈಮರ್ ಹಿಡಿಸುವುದಿಲ್ಲ. ಕಾರಣ ಡ್ಯಾಶ್‌ಬೋರ್ಡ್‌ನಲ್ಲೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಎಷ್ಟು ಸಲ ತೆರೆದಿರಿ ಎಂದು ಹೇಳುವ Times opened, ಐಫೋನಿನಲ್ಲಿ ಫೋನ್ ಎತ್ತಿಕೊಂಡೊಡನೆ ಮೊದಲು ತೆರೆದ ಆ್ಯಪ್ ಯಾವುದು ಎಂದು ಲೆಕ್ಕ ಇಡುವ Pickups ನೋಡಿ. ಆರು ಸಲ ತೆರೆದು 90 ನಿಮಿಷ ಕಳೆದಿದ್ದರೆ ಅದು ಮುಳುಗುವ ಚಟ, ಟೈಮರ್ ಅದಕ್ಕೆ ಸರಿಯಾದ ಮದ್ದು. ಅರವತ್ತು ಸಲ ತೆರೆದು 40 ನಿಮಿಷ ಮಾತ್ರ ಆಗಿದ್ದರೆ ಅದು ಇಣುಕುವ ಚಟ. ಮಿತಿ ಮುಟ್ಟುವುದೇ ಇಲ್ಲ, ಟೈಮರ್ ಸುಮ್ಮನೆ ಕೂತಿರುತ್ತದೆ. ಅಂಥವರು ಅದೇ ಡ್ಯಾಶ್‌ಬೋರ್ಡ್‌ನ ನೋಟಿಫಿಕೇಶನ್ ಪಟ್ಟಿ ತೆರೆದು, ಮೇಲಿನ ಮೂರು ಆ್ಯಪ್‌ಗಳ ಸೂಚನೆಗಳನ್ನು ಮೊದಲು ಆಫ್ ಮಾಡಿ, ಒಂದು ವಾರ ಬಿಟ್ಟು ಆ ಅರವತ್ತು ಎಷ್ಟಕ್ಕೆ ಇಳಿಯಿತು ಎಂದು ನೋಡಲಿ.