ಏರ್ ಫ್ರೈಯರ್: ಎಣ್ಣೆ ಉಳಿದಷ್ಟು ಕ್ಯಾಲೊರಿ ಉಳಿಯಲಿಲ್ಲ

ಮನೆಗೆ ಏರ್ ಫ್ರೈಯರ್ ಬಂದು ಎರಡು ವರ್ಷದ ಮೇಲಾಯಿತು. ಧಾರವಾಡದ ಮಳೆಗಾಲದಲ್ಲಿ ಸಂಜೆ ಕರಿದದ್ದು ಬೇಡ ಅನ್ನುವುದು ಕಷ್ಟ, ಅದಕ್ಕೇ ತಂದದ್ದು. ಡಬ್ಬದ ಮೇಲೆ ಕೊಬ್ಬು 80 ಪರ್ಸೆಂಟ್ ಕಡಿಮೆ ಅಂತ ಬರೆದಿತ್ತು. ಅದು ಸುಳ್ಳಲ್ಲ. ಆದರೆ ಕೊಬ್ಬು ಬೇರೆ, ಕ್ಯಾಲೊರಿ ಬೇರೆ.

ನಮ್ಮಲ್ಲಿ ಜಾಸ್ತಿ ಆಗುವುದು ಬಟಾಟಿ ಟಿಕ್ಕಿ. ಬೇಯಿಸಿದ ಬಟಾಟಿ 500 ಗ್ರಾಂ, ಅಕ್ಕಿ ಹಿಟ್ಟು 50 ಗ್ರಾಂ, ಉಪ್ಪು, ಹಸಿಮೆಣಸಿನಕಾಯಿ. ಇದರಲ್ಲಿ 12 ಟಿಕ್ಕಿ. ಎಣ್ಣೆ ಮುಟ್ಟುವ ಮೊದಲೇ ಒಂದೊಂದರಲ್ಲೂ ಸುಮಾರು 50 ಕ್ಯಾಲೊರಿ ಇರುತ್ತದೆ. ಯಾವ ಮಷಿನ್ ತಂದರೂ ಇದು ಇಳಿಯುವುದಿಲ್ಲ.

ಉಳಿದದ್ದು ಎಣ್ಣೆಯ ಲೆಕ್ಕ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಡುಗೆಮನೆ ತಕ್ಕಡಿಯಲ್ಲಿ ಎಣ್ಣೆ ಸಮೇತ ಕಡಾಯಿಯನ್ನು ಕರಿಯುವ ಮೊದಲು ತೂಗಿದೆ, ಪೂರ್ತಿ ಆರಿದ ಮೇಲೆ ಮತ್ತೆ ತೂಗಿದೆ. 12 ಟಿಕ್ಕಿ ಕರಿದಾಗ ಶೇಂಗಾ ಎಣ್ಣೆ 60 ಗ್ರಾಂ ಕಡಿಮೆ ಆಗಿತ್ತು. ಅಂದರೆ ಒಂದಕ್ಕೆ 5 ಗ್ರಾಂ, ಒಟ್ಟು 95 ಕ್ಯಾಲೊರಿ. ಹಂಚಿನ ಮೇಲೆ ಬೇಯಿಸಿದರೆ 24 ಗ್ರಾಂ ಹೋಯಿತು, ಒಂದಕ್ಕೆ 68 ಕ್ಯಾಲೊರಿ. ಏರ್ ಫ್ರೈಯರಿನಲ್ಲಿ ಎರಡು ಚಮಚ, ಅಂದರೆ 9 ಗ್ರಾಂ ಸವರಿದೆ. ಒಂದಕ್ಕೆ 57.

ಕರಿದದ್ದಕ್ಕೆ ಹೋಲಿಸಿದರೆ ಎಣ್ಣೆ 85 ಪರ್ಸೆಂಟ್ ಕಡಿಮೆ, ಕ್ಯಾಲೊರಿ ಮಾತ್ರ 40 ಪರ್ಸೆಂಟ್ ಕಡಿಮೆ. ಹಂಚಿಗೆ ಹೋಲಿಸಿದರೆ ಒಂದು ಟಿಕ್ಕಿಗೆ ಉಳಿದದ್ದು ಬರೀ 11. "ಕರಿದಿಲ್ಲ ಅಲ್ವಾ" ಅಂತ ಒಂದು ಟಿಕ್ಕಿ ಜಾಸ್ತಿ ತಿಂದರೆ ಆ ಉಳಿತಾಯ ಅಲ್ಲಿಗೇ ಮುಗಿಯಿತು. ನಮ್ಮ ಮನೆಯವರು ತಪ್ಪದೆ ತಿನ್ನುತ್ತಾರೆ.

ಇಂಟರ್ನೆಟ್ಟಿನಲ್ಲಿ 100 ಗ್ರಾಂ ಲೆಕ್ಕದಲ್ಲಿ ಹೋಲಿಸುವುದನ್ನು ನೋಡಿ ಮೋಸ ಹೋಗಬೇಡಿ. ಬಿಸಿ ಗಾಳಿಗೆ ಟಿಕ್ಕಿಯ ನೀರು ಆರಿ ತೂಕ ಇಳಿಯುತ್ತದೆ. ಆಗ 100 ಗ್ರಾಮಿಗೆ ಕ್ಯಾಲೊರಿ ಜಾಸ್ತಿ ಕಾಣುತ್ತದೆ. ಒಂದೊಂದು ಟಿಕ್ಕಿಗೆ ಎಷ್ಟು ಅಂತಲೇ ನೋಡಬೇಕು.

ಕರಿಯುವವರೂ ಎಣ್ಣೆ ಕಡಿಮೆ ಮಾಡಬಹುದು. ಕಡಾಯಿಯಲ್ಲಿದ್ದಾಗ ಟಿಕ್ಕಿಯಿಂದ ಆವಿ ಹೊರಗೆ ನುಗ್ಗುತ್ತಿರುತ್ತದೆ, ಎಣ್ಣೆ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಹೊರತೆಗೆದು ಆರುವಾಗ ಮೇಲಿನ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ತೆಗೆದ ಕೂಡಲೇ ಜಾಡಿಸಿ ಕಾಗದದ ಮೇಲೆ ಹಾಕಿ. ಬಿರುಕು ಬಿಟ್ಟ ಟಿಕ್ಕಿ ಮತ್ತು ಸರಿಯಾಗಿ ಕಾಯದ ಎಣ್ಣೆ, ಎರಡೂ ಲೆಕ್ಕ ಕೆಡಿಸುತ್ತವೆ.

ಮಷಿನಿನ ಬಗ್ಗೆ: 190 ಡಿಗ್ರಿ, 15 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಬೇಕು. ಎಣ್ಣೆ ಪೂರ್ತಿ ಬಿಟ್ಟರೆ ಟಿಕ್ಕಿ ಬಿಳಿಚಿಕೊಂಡು ಒಣಗುತ್ತದೆ. ಒತ್ತೊತ್ತಾಗಿ ಇಟ್ಟರೆ ಗರಿ ಬರುವುದಿಲ್ಲ, ಆದ್ದರಿಂದ ಸಲಕ್ಕೆ ಆರೇ. ಮಿರ್ಚಿ ಭಜಿಯ ಹಸಿ ಹಿಟ್ಟಂತೂ ಜಾಳಿಯಿಂದ ಸೋರಿ ಕೆಳಗಿಳಿಯುತ್ತದೆ, ಅದಕ್ಕೆ ಕಡಾಯಿಯೇ ಬೇಕು. ಈಗ ಬುಟ್ಟಿಯ ಮೂಲೆಯಲ್ಲಿ ಲೇಪ ಎದ್ದಿದೆ, ಬುಟ್ಟಿಯೊಂದೇ ಬೇರೆ ಸಿಗುತ್ತಿಲ್ಲ.

ವಾರಕ್ಕೆ ಎರಡು-ಮೂರು ಸಲ ಕರಿಯುವ ಮನೆಯಾದರೆ ಕೊಳ್ಳಿ. ಈಗಾಗಲೇ ಹಂಚಿನ ಮೇಲೆ ಬೇಯಿಸುವವರು ಸುಮ್ನೆ ದುಡ್ಡು ಹಾಕಬೇಡಿ. ಐದಕ್ಕೆ ಮೂರು ಸ್ಟಾರ್.