ದುಬೈನಿಂದ ವಾಪಸಾದ ಮೇಲೆ: ಎನ್‌ಆರ್‌ಇ ಠೇವಣಿಯೋ, ಎಫ್‌ಸಿಎನ್‌ಆರೋ?

ಹನ್ನೆರಡು ವರ್ಷ ದುಬೈನಲ್ಲಿ ದುಡಿದು, 2025ರ ಮೇ ತಿಂಗಳಲ್ಲಿ ಮಂಗಳೂರಿಗೆ ಮರಳಿ ನೆಲೆಸಿದವರನ್ನು ಊಹಿಸಿಕೊಳ್ಳಿ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು ಆದಾಯ ತೆರಿಗೆಯ ಲೆಕ್ಕದಲ್ಲಿ ‘ಆರ್‌ಎನ್‌ಒಆರ್’, ಅಂದರೆ ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲದವರು. ಇವರಿಗೆ ಈ ಸ್ಥಾನ 2025-26 ಮತ್ತು 2026-27ಕ್ಕೆ ಸಿಗುತ್ತದೆ. ಅಷ್ಟು ಕಾಲ ದುಬೈ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ.

ಅನಿವಾಸಿಗಳು ಇಲ್ಲಿ ರೂಪಾಯಿಯಲ್ಲಿಡುವ ಎನ್‌ಆರ್‌ಇ ಠೇವಣಿಗೆ ಮಾತ್ರ ಈ ರಕ್ಷಣೆ ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಅದರ ತೆರಿಗೆ ವಿನಾಯಿತಿ ನಿಂತಿರುವುದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಮೇಲೆ. ಅದರ ಪ್ರಕಾರ ನೆಲೆಸಲೆಂದು ಬಂದವರು ಬಂದ ದಿನದಿಂದಲೇ ನಿವಾಸಿ. 20 ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 1.4 ಲಕ್ಷ ಬಡ್ಡಿ; ಶೇ 30ರ ಹಂತದವರಿಗೆ ಸೆಸ್ ಬಿಟ್ಟು 42,000 ರೂಪಾಯಿ ತೆರಿಗೆ.

ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲಿಡುವ ಎಫ್‌ಸಿಎನ್‌ಆರ್ ಠೇವಣಿ ಡಾಲರಿನಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು, ಆಮೇಲೆ ಮರಳಿದವರು ವಿದೇಶಿ ಕರೆನ್ಸಿ ಇಡುವ ಆರ್‌ಎಫ್‌ಸಿ ಖಾತೆಗೆ ಹೋಗಬಹುದು. ಆರ್‌ಎನ್‌ಒಆರ್ ಇರುವಷ್ಟು ದಿನ ಎರಡರ ಬಡ್ಡಿಯೂ ತೆರಿಗೆಮುಕ್ತ. ಹಣ ಮತ್ತೆ ಹೊರದೇಶಕ್ಕೆ ಬೇಕಾಗಬಹುದು ಎನ್ನುವವರಿಗೆ ನನ್ನ ಆಯ್ಕೆ ಇದೇ. ಮನೆ ಕಟ್ಟಿಸಲು ಆರು ತಿಂಗಳಲ್ಲಿ ರೂಪಾಯಿಯೇ ಬೇಕೆಂದರೆ ಎನ್‌ಆರ್‌ಇಯನ್ನು ನಿವಾಸಿ ಖಾತೆಯಾಗಿ ಬದಲಿಸಿ ತೆರಿಗೆ ಕಟ್ಟುವುದೇ ಸಲೀಸು.

2027-28ರಲ್ಲಿ ಪೂರ್ಣ ನಿವಾಸಿಯಾದರೆ ಎಲ್ಲಕ್ಕೂ ತೆರಿಗೆ. ದುಬೈ ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಆದರೆ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದದ್ದು ಒಟ್ಟು 729 ದಿನ ಮೀರದಿದ್ದರೆ ಇನ್ನೊಂದು ವರ್ಷ ಆರ್‌ಎನ್‌ಒಆರ್ ಉಳಿಯುತ್ತದೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ ನೋಡಿ.