ಆ್ಯಪ್‌ನಲ್ಲಿ 15 ಲಕ್ಷ ಲಿಮಿಟ್ ಇದೆ ಅಂತ ನಂಬಿ ಕೂರಬೇಡಿ

ಸೈಟ್ ರಿಜಿಸ್ಟ್ರೇಷನ್ ಸೋಮವಾರ ಬೆಳಿಗ್ಗೆ 11ಕ್ಕೆ ಇತ್ತು. ಬಾಕಿ 12 ಲಕ್ಷ ಅಷ್ಟರೊಳಗೆ ಮಾರುವವರ ಖಾತೆಗೆ ಬಿದ್ದು, ದುಡ್ಡು ಹೋದದ್ದಕ್ಕೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್ ಕ್ರಯಪತ್ರದಲ್ಲಿ ಬರಬೇಕಿತ್ತು. ದುಡ್ಡು ಖಾತೆಯಲ್ಲೇ ಇತ್ತು. ಆದರೂ ಕಳಿಸಲು ಆಗಲಿಲ್ಲ!

ಭಾನುವಾರ ಸಂಜೆ 7ಕ್ಕೆ ಅವರ ಮನೆಯಲ್ಲೇ ಕೂತು ಅವರ ಖಾತೆ ಸೇರಿಸಿದೆ. ದಿನದ ಲಿಮಿಟ್ ಅನ್ನು 15 ಲಕ್ಷಕ್ಕೆ ಏರಿಸಿದೆ, ಹಸಿರು ಟಿಕ್ ಬಂತು. ಆರ್‌ಟಿಜಿಎಸ್ ಈಗ ಭಾನುವಾರವೂ ನಡೆಯುತ್ತದಲ್ವಾ, ಧೈರ್ಯವಾಗಿ 12 ಲಕ್ಷ ಹಾಕಿದೆ. ಫೇಲ್. ಮತ್ತೆ ಹಾಕಿದೆ. ಫೇಲ್. ಐಎಂಪಿಎಸ್‌ನಲ್ಲಿ 5 ಲಕ್ಷ ಹಾಕಿದೆ, ಅದೂ ಫೇಲ್. ಪ್ರತಿ ಸಲವೂ 'ಲಿಮಿಟ್ ಮೀರಿದೆ'. ಎದುರಿಗೆ ಕೂತವರು ಕಾಫಿ ಲೋಟ ಕೆಳಗಿಟ್ಟು, "ದುಡ್ಡು ರೆಡಿ ಇದೆ ತಾನೇ?" ಅಂದರು. ಆ ಮಾತು ಈಗಲೂ ಚುಚ್ಚುತ್ತಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ಹೊಸದಾಗಿ ಸೇರಿಸಿದ ಖಾತೆಗೆ ಮೊದಲ 24 ಗಂಟೆ 50 ಸಾವಿರ ಮಾತ್ರ ಸಾರ್."

"ಮತ್ತೆ 15 ಲಕ್ಷ ಓಕೆ ಅಂತ ಯಾಕೆ ತೋರಿಸಿತು?"

"ಅದು ದಿನದ ಲಿಮಿಟ್ ಸಾರ್. ಇದು ಬೇರೆ. ನಿಮ್ಮ ಸೇಫ್ಟಿಗೇ ಸಾರ್."

ಕಳ್ಳರಿಂದ ಕಾಯಲು ಇರುವ ನಿಯಮ, ಒಪ್ಪುತ್ತೇನೆ. ಆದರೆ ಟಿಕ್ ಹಾಕುವ ಮೊದಲೇ ಒಂದು ಸಾಲು ಹೇಳಬಾರದಾ?

ಆಮೇಲಿನದು ಪರದಾಟ. 50 ಸಾವಿರ ಹಾಕಿದೆ. ಯುಪಿಐನಲ್ಲಿ ನಾನೊಂದು ಲಕ್ಷ, ಹೆಂಡತಿ ಒಂದು ಲಕ್ಷ. ಅಲ್ಲಿಗೆ ಅದರ ದಿನದ ಮಿತಿಯೂ ಮುಗಿಯಿತು. ಉಳಿದ ಒಂಬತ್ತೂವರೆ ಲಕ್ಷಕ್ಕೆ ಸೋಮವಾರ ಬ್ಯಾಂಕ್ ಬಾಗಿಲು ತೆಗೆಯುವ ಮೊದಲೇ ನಿಂತೆ. "ಚೆಕ್ ತಂದಿದ್ದೀರಾ?" ಚೆಕ್ ಬುಕ್ ಮನೆಯಲ್ಲಿ! ಓಡಿದೆ. ಆರ್‌ಟಿಜಿಎಸ್ ಫಾರ್ಮ್ ತುಂಬಿ, ಯುಟಿಆರ್ ಸಿಗುವಾಗ ಹನ್ನೆರಡೂವರೆ. ಸ್ಲಾಟ್ ಹೋಯಿತು.

ನನ್ನ ಹಾಗೆ ಸಿಕ್ಕಿಕೊಳ್ಳಬೇಡಿ. ದಿನದ ಲಿಮಿಟ್, ಒಂದು ಸಲದ ಲಿಮಿಟ್, ಹೊಸ ಖಾತೆಯ ಲಿಮಿಟ್, ಮೂರೂ ಬೇರೆ ಬೇರೆ. ಬ್ಯಾಂಕಿನಿಂದ ಬ್ಯಾಂಕಿಗೂ ಬೇರೆ. ಆ್ಯಪ್‌ಗೊಂದು, ನೆಟ್‌ಬ್ಯಾಂಕಿಂಗ್‌ಗೊಂದು ಇರಬಹುದು, ಮೂರನ್ನೂ ಕೇಳಿ. ಖಾತೆಯನ್ನು ನಾಲ್ಕೈದು ದಿನ ಮೊದಲೇ ಸೇರಿಸಿ, ಒಂದು ರೂಪಾಯಿ ಕಳಿಸಿ ಹೆಸರು ಸರಿಯಿದೆಯಾ ನೋಡಿ. ಮೊತ್ತ ದೊಡ್ಡದಿದ್ದರೆ ಚೆಕ್ ಹಿಡಿದು ಹಿಂದಿನ ಕೆಲಸದ ದಿನವೇ ಶಾಖೆಗೆ ಹೋಗಿ. ಎರಡನೇ, ನಾಲ್ಕನೇ ಶನಿವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ.

ಶುಕ್ರವಾರವೇ ಅಪ್ಪ "ಸುಮ್ನೆ ಡಿಡಿ ಮಾಡಿಸೋ" ಅಂದಿದ್ದರು. ಈ ಕಾಲದಲ್ಲಿ ಯಾರಪ್ಪಾ ಡಿಡಿ ಮಾಡಿಸ್ತಾರೆ ಅಂತ ನಕ್ಕಿದ್ದೆ. ಈಗ ಅವರು ಏನೂ ಅನ್ನುತ್ತಿಲ್ಲ, ಅದೇ ಜಾಸ್ತಿ ಕಷ್ಟ.